ಅದೃಷ್ಟಕ್ಕೆ ಎಷ್ಟು ಅಂಕ? ಓಎಂಆರ್ ಹಾಳೆಯಲ್ಲಿ ಅಳುಕನ್ನು ಅಳೆದ ನನ್ನ ಅನುಭವ

ಸರ್ಕಾರಿ ನೌಕರಿಗೆ ಓದುವವರಿಗೆ ನಡೆಸುವ ಭಾನುವಾರದ ಮಾದರಿ ಪರೀಕ್ಷೆಯಲ್ಲಿ, ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಉತ್ತರ ಎಷ್ಟು ಖಚಿತ ಎಂಬ ಒಂದು ಗುರುತು ಹಾಕಿಸುವ ನನ್ನ ಪದ್ಧತಿಯನ್ನು ಕಂಡು ಕಲಬುರಗಿಯಲ್ಲಿ ನಕ್ಕವರೇ ಹೆಚ್ಚು. ಕೋಚಿಂಗ್ ಸೆಂಟರಿನ ಹಿರಿಯ ಸರ್ ಒಬ್ಬರು, "ಓದು ಕಡಿಮೆಯಾದವನಿಗೆ ಅಳುಕು ಬರುತ್ತದೆ, ಅದಕ್ಕೆ ಮದ್ದು ಇನ್ನಷ್ಟು ಓದು" ಎಂದಿದ್ದರು. ಈಗ ಅವರ ಕಡೆಯ ಹುಡುಗರೇ ನನ್ನ ಹಾಳೆಯ ಜೆರಾಕ್ಸ್ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವ ಅಳುಕು ಓದದವರದ್ದಲ್ಲ. ಮನೆಯಲ್ಲಿ ಮೊದಲ ಪದವೀಧರರಾಗಿ, ತಾಲ್ಲೂಕಿಗೇ ಹೆಚ್ಚು ಅಂಕ ತೆಗೆದು, ಒಂದೆರಡು ಪರೀಕ್ಷೆಯ ಆಯ್ಕೆಪಟ್ಟಿಯಲ್ಲೂ ಹೆಸರು ಕಂಡವರು "ಪೇಪರ್ ಸುಲಭವಿತ್ತು", "ಊಹೆ ಕೈಹಿಡಿಯಿತು", "ಎಚ್‌ಕೆ ಪಟ್ಟಿಯಲ್ಲಿ ನಮ್ಮ ಹೈದರಾಬಾದ್-ಕರ್ನಾಟಕ ಭಾಗಕ್ಕೆ ಮೀಸಲು ಇತ್ತು, ಅದಕ್ಕೆ ಆಯಿತು" ಎನ್ನುತ್ತಾರಲ್ಲ, ಅದು. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಇದನ್ನೇ ಇಂಪೋಸ್ಟರ್, ಅಂದರೆ ನಕಲಿ ಮನುಷ್ಯ, ಎಂಬ ಹೆಸರಿನಲ್ಲಿ ಬರೆದರು. ಅವರು ನೋಡಿದ್ದು ದೊಡ್ಡ ದೊಡ್ಡ ಪದವಿ ಪಡೆದ ಹೆಣ್ಣುಮಕ್ಕಳನ್ನು. ಚಿಂಚೋಳಿ, ಸುರಪುರ, ಔರಾದಿನಿಂದ ಬಂದು ಕೋಣೆ ಮಾಡಿಕೊಂಡು ಓದುವ ನಮ್ಮವರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಓದಿದ ಮನೆಯ ಮಗ ತನ್ನ ಕಾಕಾ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದ ಕಥೆಯನ್ನು ಊಟದ ಹೊತ್ತಿನಲ್ಲಿ ಕೇಳಿ ಬೆಳೆದಿರುತ್ತಾನೆ. ನಮ್ಮ ಮನೆಗಳಲ್ಲಿ ಆ ಕಥೆ ಹೇಳುವವರಿಲ್ಲ. ಉಳಿದವರೆಲ್ಲ ಒಂದೇ ಸಲಕ್ಕೆ, ಸಂಶಯವೇ ಇಲ್ಲದೆ ಬರೆದು ಬಂದರು, ತಡವರಿಸಿದವನು ತಾನೊಬ್ಬನೇ ಎಂದು ನಮ್ಮ ಹುಡುಗ ನಂಬಿಬಿಡುತ್ತಾನೆ.

ಮೊದಲು ನಾನು ಕೈಹಾಕಿದ ದಾರಿಗಳೆಲ್ಲ ಹಣ ತಿಂದವು. ಸಾಧನೆಗಳನ್ನೂ ಇತರರು ಆಡಿದ ಒಳ್ಳೆಯ ಮಾತುಗಳನ್ನೂ ಬರೆದಿಡಲಿ ಎಂದು ಮೂವತ್ತರಷ್ಟು ಡೈರಿ ಕೊಂಡೆ, ಒಂದಕ್ಕೆ ಅರವತ್ತು ರೂಪಾಯಿಯ ಹಾಗೆ. ತಿಂಗಳಾದ ಮೇಲೆ ತೆರೆದು ನೋಡಿದರೆ ಬಹುಪಾಲು ಡೈರಿಗಳಲ್ಲಿ ಮೆಂಟಲ್ ಎಬಿಲಿಟಿಯ ರಫ್ ಲೆಕ್ಕ. ಬರೆದ ನಾಲ್ಕೈದು ಜನರೂ ಪ್ರತಿ ಹೊಗಳಿಕೆಯ ಕೆಳಗೆ "ಅವರು ಸುಮ್ಮನೆ ಹೇಳಿರಬೇಕು" ಎಂದು ಷರಾ ಬರೆದಿದ್ದರು. ಆಮೇಲೆ ಕ್ಲಾನ್ಸ್ ಅವರ ಇಪ್ಪತ್ತು ಪ್ರಶ್ನೆಗಳ ಅಳತೆಪಟ್ಟಿಯನ್ನು ಕನ್ನಡಕ್ಕೆ ತಂದುಕೊಂಡು ಹಂಚಿದೆ. ಅದರಲ್ಲಿ ಇಪ್ಪತ್ತರಿಂದ ನೂರರವರೆಗೆ ಅಂಕ ಬರುತ್ತದೆ, ಹೆಚ್ಚು ಬಂದಷ್ಟೂ ಅಳುಕು ಹೆಚ್ಚು. ನಮ್ಮವರಿಗೆ ಅದೂ ಒಂದು ಪರೀಕ್ಷೆಯೇ ಆಯಿತು. "ಸರ್, ಇದರ ಕೀ ಉತ್ತರ ಯಾವಾಗ ಬರುತ್ತದೆ?" ಎಂದು ಒಬ್ಬ ಗಂಭೀರವಾಗಿಯೇ ಕೇಳಿದ.

ದಾರಿ ಸಿಕ್ಕಿದ್ದು ಪ್ರಥಮ ದರ್ಜೆ ಸಹಾಯಕರ ನೇಮಕಾತಿಯ ನನ್ನದೇ ಹಳೆಯ ಎಫ್‌ಡಿಎ ಪ್ರಶ್ನೆಪುಸ್ತಿಕೆಯಲ್ಲಿ. ನೌಕರಿಗೆ ಸೇರಿ ವರ್ಷವಾಗುತ್ತ ಬಂದಿದ್ದರೂ, ಯಾರೋ ಕಡತ ಹಿಡಿದು ಬಂದು "ಆಯ್ಕೆಪಟ್ಟಿಯಲ್ಲಿ ತಪ್ಪಾಗಿದೆ" ಎನ್ನುತ್ತಾರೆಂದು ಕಾಯುತ್ತಿದ್ದವನು ನಾನು. ಟ್ರಂಕಿನ ತಳದಲ್ಲಿ, ಉತ್ತರದ ವೃತ್ತ ತುಂಬುವ ಓಎಂಆರ್‌ನ ಕಾರ್ಬನ್ ಪ್ರತಿಯೂ ಪುಸ್ತಿಕೆಯೂ ಇದ್ದವು. ಖಚಿತವಿದ್ದಲ್ಲಿ ಟಿಕ್, ಸಂಶಯವಿದ್ದಲ್ಲಿ ಚುಕ್ಕೆ, ಏನೂ ಗೊತ್ತಿಲ್ಲದಲ್ಲಿ ಸೊನ್ನೆ ಹಾಕುವುದು ನನ್ನ ಹಳೆಯ ಚಟ. ಕೀ ಉತ್ತರ ಇಟ್ಟುಕೊಂಡು ಲೆಕ್ಕ ಹಾಕಿದೆ. ಸಾಮಾನ್ಯ ಜ್ಞಾನದ ನೂರರಲ್ಲಿ ಅರವತ್ತರ ಮೇಲೆ ಟಿಕ್ ಇದ್ದವು, ಅವು ಹೆಚ್ಚುಕಡಿಮೆ ಎಲ್ಲವೂ ಸರಿ. ಸೊನ್ನೆ ಹಾಕಿಯೂ ಉತ್ತರ ತುಂಬಿದ್ದು ಐದಾರು, ಅದರಲ್ಲಿ ಸರಿಯಾದದ್ದು ಒಂದೇ ಒಂದು. ಇಷ್ಟು ವರ್ಷ ನಾನು ಅದೃಷ್ಟದ ಹೆಸರಿಗೆ ಬರೆದಿಟ್ಟಿದ್ದರಲ್ಲಿ ಅದೃಷ್ಟ ಕೊಟ್ಟಿದ್ದು ಏನೇನೂ ಇಲ್ಲ.

ಲೆಕ್ಕ ಸರಳ. ನಾಲ್ಕು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತ. ಕಣ್ಣುಮುಚ್ಚಿ ತುಂಬಿದ ನಾಲ್ಕು ಪ್ರಶ್ನೆಯಲ್ಲಿ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದದ್ದು ಒಂದು, ಹೋದದ್ದು ಮುಕ್ಕಾಲು, ಉಳಿದದ್ದು ಕಾಲು ಅಂಕ. ಹದಿನಾರು ಪ್ರಶ್ನೆಗೆ ಒಂದು ಅಂಕ. ಏರಿಳಿತ ಇದ್ದೇ ಇರುತ್ತದೆ. ಹದಿನಾಲ್ಕು, ಹದಿನಾರು ಪ್ರಶ್ನೆ ಊಹಿಸಿದವನಿಗೆ ಒಳ್ಳೆಯ ದಿನ ಮೂರು ಅಂಕ ಹೆಚ್ಚಬಹುದು, ಕೆಟ್ಟ ದಿನ ಎರಡು ಕಡಿಮೆಯಾಗಬಹುದು. ಕಟ್-ಆಫ್ ಅರ್ಧ ಅಂಕದಲ್ಲಿ ನಿಂತಾಗ ಇದು ಮುಖ್ಯವೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ 71ನ್ನು 73 ಮಾಡುವ ಅದೃಷ್ಟಕ್ಕೆ 30ನ್ನು 70 ಮಾಡುವ ಶಕ್ತಿ ಇಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅವರವರ ಹಾಳೆಯಲ್ಲೇ ತೋರಿಸಬೇಕು. ಸೇಡಂ ರಸ್ತೆಯ ಕಡೆಯ ಒಂದು ರೀಡಿಂಗ್ ರೂಮಿನವರನ್ನು ಒಪ್ಪಿಸಿ ಭಾನುವಾರ ಬೆಳಿಗ್ಗೆ ಜಾಗ ಪಡೆದೆ. ಪ್ರಶ್ನೆಪತ್ರಿಕೆ, ಓಎಂಆರ್ ಜೆರಾಕ್ಸ್, ಚಹಾ ಸೇರಿ ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು ಖರ್ಚು, ಮೊದಲ ಆರೇಳು ತಿಂಗಳು ನನ್ನ ಸಂಬಳದಿಂದಲೇ. "ಸ್ವಂತ ಹಣ ಸುಟ್ಟು ಊರವರ ಮಕ್ಕಳಿಗೆ ಧೈರ್ಯ ಹೇಳುತ್ತೀಯಾ ತಮ್ಮಾ?" ಎಂದು ಅಕ್ಕ ಬೈದಳು.

ನಿಯಮ ಒಂದೇ. ಟಿಕ್, ಚುಕ್ಕೆ, ಸೊನ್ನೆಯನ್ನು ಉತ್ತರ ತುಂಬುವ ಮೊದಲೇ ಹಾಕಬೇಕು. ಕೀ ನೋಡಿದ ಮೇಲೆ ಹಾಕಿದರೆ ಸರಿಯಾದದ್ದೆಲ್ಲ "ಊಹೆ"ಯಾಗುತ್ತದೆ, ತಪ್ಪಾದದ್ದೆಲ್ಲ "ಗೊತ್ತಿತ್ತು, ಆದರೂ ತಪ್ಪಿದೆ" ಆಗುತ್ತದೆ. ಅಳುಕಿನವರು ಇದರಲ್ಲಿ ಬಹಳ ಚುರುಕು. ಅದಕ್ಕೆ ನಾನು ಒಂದು ತಡೆ ಇಟ್ಟಿದ್ದೇನೆ, ಅದನ್ನು ಇಲ್ಲಿ ಬರೆದರೆ ಅದು ಕೆಲಸ ಮಾಡುವುದಿಲ್ಲ.

ಚಿಂಚೋಳಿ ಕಡೆಯ ಒಬ್ಬ ಹುಡುಗಿಯ ಹಾಳೆಯನ್ನು ನೋಡಿ. ಅಪ್ಪನದು ನಾಲ್ಕೆಕರೆ ತೊಗರಿ. ಅವಳು ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲಿಗಳು. ಮೊದಲ ಭಾನುವಾರ ಅವಳಿಗೆ ಬಂದದ್ದು 49. "ನೋಡಿ ಸರ್, ನನ್ನ ನಿಜವಾದ ಮಟ್ಟ ಇದು. ಕಾಲೇಜಿನಲ್ಲಿ ಹೇಗೋ ನಡೆಯಿತು" ಎಂದಳು. ಹಾಳೆ ಬೇರೆಯೇ ಹೇಳುತ್ತಿತ್ತು. ಟಿಕ್ 44, ಅದರಲ್ಲಿ ಸರಿ 41. ಚುಕ್ಕೆ 42, ಆದರೆ ತುಂಬಿದ್ದು ಬರೀ 15, ಅದರಲ್ಲಿ ಸರಿ 10. ಉಳಿದ 27 ಚುಕ್ಕೆಗಳೂ 14 ಸೊನ್ನೆಗಳೂ ಖಾಲಿ. ಒಟ್ಟು 51 ಸರಿ, 8 ತಪ್ಪು, ಎರಡು ಅಂಕ ಕಡಿತ. ಕೀ ತೋರಿಸದೆ, "ಈ 27ಕ್ಕೂ ಈಗ ಉತ್ತರ ಹಾಕು, ಅಂಕಕ್ಕೆ ಸೇರಿಸುವುದಿಲ್ಲ" ಎಂದೆ. ಹಾಕಿದಳು. 17 ಸರಿ, 10 ತಪ್ಪು. ಕಡಿತ ಕಳೆದರೂ ಹದಿನಾಲ್ಕೂವರೆ ಅಂಕ. 49 ಎಂಬ ಅವಳ "ನಿಜವಾದ ಮಟ್ಟ" ಅಲ್ಲೇ ಕುಳಿತಲ್ಲಿ 63.5 ಆಯಿತು.

ನನಗೆ ಹೊಳೆದದ್ದು ಆಗಲೇ. ನಾನು ನಕಲಿ ಎಂಬ ಅಳುಕು ಓಎಂಆರ್ ಹಾಳೆಯಲ್ಲಿ ಕಾಣುವುದು ತಪ್ಪು ಉತ್ತರವಾಗಿ ಅಲ್ಲ, ಖಾಲಿ ವೃತ್ತವಾಗಿ. ಅರ್ಧ ಗೊತ್ತಿರುವುದನ್ನು ಅವರು ಗೊತ್ತಿಲ್ಲವೆಂದೇ ಬಗೆಯುತ್ತಾರೆ. ಎರಡು ಆಯ್ಕೆಗಳನ್ನು ಹೊಡೆದುಹಾಕಿ ಉಳಿದೆರಡರ ನಡುವೆ ನಿಂತವನಿಗೆ, ಬರೀ ನಾಣ್ಯ ಚಿಮ್ಮಿದರೂ ಪ್ರಶ್ನೆಗೆ ಮೂರು ಎಂಟಾಂಶ ಅಂಕ ಲಾಭ. ಅದನ್ನು ಬಿಟ್ಟು ಬಂದು ಕಡಿಮೆ ಅಂಕ ತೆಗೆದು, ಆ ಅಂಕವನ್ನೇ ತಾನು ನಕಲಿ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯುತ್ತಾರೆ.

ಎಲ್ಲರ ಚುಕ್ಕೆಯೂ ಹೀಗಿರುವುದಿಲ್ಲ. ಯಾದಗಿರಿಯ ಒಬ್ಬ ಹುಡುಗನ ಟಿಕ್‌ಗಳಲ್ಲೇ ನೂರಕ್ಕೆ ಅರವತ್ತು ಮಾತ್ರ ಸರಿ, ಚುಕ್ಕೆಗಳಲ್ಲಿ ಮೂವತ್ತೂ ಇಲ್ಲ. ಅವನೂ "ನನಗೆ ಬರೀ ಅಳುಕು ಸರ್" ಎನ್ನುತ್ತಿದ್ದ. ಅವನಿಗೆ ಬೇಕಿದ್ದದ್ದು ಇತಿಹಾಸವನ್ನು ಮತ್ತೆ ಓದುವುದು, ಧೈರ್ಯವಲ್ಲ. ಟಿಕ್ ನೂರಕ್ಕೆ ತೊಂಬತ್ತರ ಮೇಲೆ, ಚುಕ್ಕೆ ನೂರಕ್ಕೆ ಐವತ್ತೈದರ ಮೇಲೆ ಸರಿಯಿದ್ದು, ಖಾಲಿ ಚುಕ್ಕೆ ಹದಿನೈದು ದಾಟಿದರೆ ಮಾತ್ರ ನಾನು ಅಳುಕು ಎಂದು ಹಿಡಿಯುತ್ತೇನೆ. ಅದೂ ಒಂದು ಪರೀಕ್ಷೆ ನೋಡಿ ಅಲ್ಲ, ಕನಿಷ್ಠ ನಾಲ್ಕು ನೋಡಿ. ಒಂದು ಸಲದ ಚುಕ್ಕೆ ಸುಳ್ಳು ಹೇಳಬಹುದು.

ಎಚ್‌ಕೆ ಪಟ್ಟಿಯ ಮಾತಿಗೆ ಈ ಲೆಕ್ಕ ಸಾಲಲಿಲ್ಲ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ಎ, ಬಿ ಗುಂಪಿನ ನೂರಕ್ಕೆ 75, ಸಿ ಗುಂಪಿನ 80, ಡಿ ಗುಂಪಿನ 85 ಹುದ್ದೆಗಳು ನಮ್ಮವರಿಗೇ. ಸಹಾಯಕ ಆಯುಕ್ತರ ಕಚೇರಿಯಿಂದ ತಂದ ಅರ್ಹತಾ ಪ್ರಮಾಣಪತ್ರವನ್ನು ಕೆಲವರು ತಪ್ಪೊಪ್ಪಿಗೆ ಪತ್ರದ ಹಾಗೆ ಬಚ್ಚಿಡುತ್ತಾರೆ. ಇದಕ್ಕೊಂದು ಬೇರೆ ಪ್ರಯೋಗ ಮಾಡಿದೆ. ಧಾರವಾಡದಲ್ಲಿ ಓದುತ್ತಿದ್ದ ಗೆಳೆಯರ ಗುಂಪಿಗೆ ಅದೇ ಪ್ರಶ್ನೆಪತ್ರಿಕೆ ಬರೆಸಿ, ಅವರ ಹಾಳೆಗಳನ್ನೂ ನಮ್ಮವನ್ನೂ ಹೆಸರು ಕತ್ತರಿಸಿ ಬೆರೆಸಿ, ನಮ್ಮ ಹುಡುಗರಿಗೇ "ಎಚ್‌ಕೆ ಹಾಳೆ ಯಾವುದು, ಆಚೆಯದು ಯಾವುದು, ಬೇರ್ಪಡಿಸಿ" ಎಂದೆ. ಅರ್ಧಕ್ಕರ್ಧ ತಪ್ಪಿದರು. ಹೆಚ್ಚು ಅಂಕದ್ದನ್ನೆಲ್ಲ ಕಣ್ಣುಮುಚ್ಚಿ ಧಾರವಾಡದ ಕಡೆಗೆ ಇಟ್ಟಿದ್ದರು, ಅದರಲ್ಲಿ ಆ ಚಿಂಚೋಳಿಯ ಹುಡುಗಿ ತನ್ನದೇ ಹಾಳೆಯನ್ನೂ ಆ ಕಡೆಗೇ ಇಟ್ಟಿದ್ದಳು. ಒಂದು ಸಲ ಮಾಡಿದ ಪ್ರಯೋಗ, ಇದರಿಂದ ದೊಡ್ಡದೇನನ್ನೂ ಸಾಬೀತು ಮಾಡಲಾಗದು. ಆದರೆ ಆಮೇಲೆ ಆ ಕೋಣೆಯಲ್ಲಿ ಪಟ್ಟಿಯ ಮಾತು ಕಡಿಮೆಯಾಯಿತು.

ತಡವರಿಸುವವನು ತಾನೊಬ್ಬನೇ ಎಂಬ ನಂಬಿಕೆಗೆ ಇನ್ನೊಂದು ಮದ್ದು ಹೇಳುತ್ತೇನೆ. ಈಗಾಗಲೇ ನೌಕರಿಯಲ್ಲಿರುವ ಅಧಿಕಾರಿಯೊಬ್ಬರನ್ನು ಕರೆಸಿ, ತಯಾರಿ ಇಲ್ಲದೆ ಹುಡುಗರ ನಡುವೆ ಕೂರಿಸಿ ಅದೇ ಪತ್ರಿಕೆ ಬರೆಸಿ. ನಮ್ಮಲ್ಲಿ ಬಂದವರಿಗೆ ಐವತ್ತರ ಆಸುಪಾಸು ಬಂತು, ಹಾಳೆಯ ತುಂಬ ಚುಕ್ಕೆ. ಅವರನ್ನು ಒಪ್ಪಿಸುವುದು ಹೇಗೆಂಬುದು ನನ್ನ ಗುಟ್ಟು.

ಹುಡುಗಿಯ ಖಾಲಿ ಚುಕ್ಕೆಗಳು ಎರಡು ಮೂರು ತಿಂಗಳಲ್ಲಿ ಐದಾರಕ್ಕೆ ಇಳಿದವು. ಹೆಚ್ಚು ತುಂಬಿದರೂ ಚುಕ್ಕೆಗಳಲ್ಲಿ ಸರಿಯಾಗುವ ಪ್ರಮಾಣ ಅರವತ್ತರ ಸುತ್ತಲೇ ಉಳಿಯಿತು. ಅಂಕ ಅರವತ್ತರ ಮೇಲೆಯೇ ನಿಂತಿತು. ಕಳೆದ ಪಟ್ಟಿಯಲ್ಲಿ ಅವಳ ಹೆಸರಿದೆ. ಸುದ್ದಿ ಹೇಳಲು ಬಂದಾಗಲೂ "ಪೇಪರ್ ಸುಲಭವಿತ್ತು ಸರ್" ಎಂದೇ ಶುರು ಮಾಡಿದಳು, ಆಮೇಲೆ ತಾನೇ ನಕ್ಕು ಪುಸ್ತಿಕೆ ತೆಗೆದು ಚುಕ್ಕೆ ಎಣಿಸತೊಡಗಿದಳು.

ಪದ್ಧತಿ ನಿಲ್ಲುವ ಜಾಗಗಳೂ ಇವೆ. ನಿದ್ದೆ ಊಟ ಬಿಟ್ಟವರಿಗೆ ನಾನು ಹಾಳೆ ಕೊಡುವುದೇ ಇಲ್ಲ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಡುತ್ತೇನೆ ಅಥವಾ ವೈದ್ಯರ ಹತ್ತಿರ ಕಳುಹಿಸುತ್ತೇನೆ. ಇನ್ನು ಕೆಎಎಸ್ ಮುಖ್ಯ ಪರೀಕ್ಷೆಯಂತಹ ವಿವರಣಾತ್ಮಕ ಪತ್ರಿಕೆಗೆ ಕೀ ಉತ್ತರವೇ ಇಲ್ಲ, ಚುಕ್ಕೆ ಅಲ್ಲಿ ನಡೆಯುವುದಿಲ್ಲ. ಬರೆದವರು ತಮಗೆ ತಾವೇ ಮೊದಲು ಅಂಕ ಕೊಟ್ಟು ಲಕೋಟೆಯಲ್ಲಿ ಮುಚ್ಚಿಡುವುದು, ಹೆಸರಿಲ್ಲದ ಉತ್ತರವನ್ನು ಇಬ್ಬರು ಬೇರೆ ಬೇರೆ ಮೌಲ್ಯಮಾಪನ ಮಾಡುವುದು, ಆಮೇಲೆ ಮೂರನ್ನೂ ಹೋಲಿಸುವುದು, ಹೀಗೊಂದನ್ನು ನೋಡುತ್ತಿದ್ದೇನೆ. ಒಂದು ಉತ್ತರ ತಿದ್ದಲು ಮೌಲ್ಯಮಾಪಕರು ಇಪ್ಪತ್ತು ರೂಪಾಯಿ ಕೇಳುತ್ತಾರೆ, ಇಬ್ಬರೆಂದರೆ ನಲವತ್ತು. ಸದ್ಯ ಎಂಟು ಜನರಿಗೆ ಮಾತ್ರ ಮಾಡಲು ಸಾಧ್ಯವಾಗಿದೆ. ಆ ಎಂಟರಲ್ಲಿ ಆರು ಜನ ತಮಗೆ ತಾವು ಕೊಟ್ಟುಕೊಂಡ ಅಂಕ ಇಬ್ಬರು ಮೌಲ್ಯಮಾಪಕರ ಅಂಕಕ್ಕಿಂತಲೂ ಕಡಿಮೆ.