ರಿಟರ್ನ್ ನೋಟ್‌ನಲ್ಲಿ ಉತ್ತರ ಬರೆಯಬಾರದು ಎಂದು ಕಲಿತದ್ದು

ಬ್ಯಾಂಕಿನ ಪೇಮೆಂಟ್ ಬ್ಯಾಕ್ ಆಫೀಸಿನಲ್ಲಿ ಮೊದಲು ಮೇಕರ್ ಆಗಿದ್ದೆ, ಆಮೇಲೆ ಚೆಕರ್ ಆದೆ. ಹೊರಗೆ ಹೋಗುವ ಪೇಮೆಂಟ್‌ಗಳಲ್ಲಿ ಹೆಚ್ಚಿನವನ್ನು ಯಾರೂ ಕೈಯಿಂದ ಮುಟ್ಟುವುದಿಲ್ಲ. ಸಿಸ್ಟಂ ತಾನೇ ನೋಡಿ ತಾನೇ ಕಳಿಸುತ್ತದೆ. ಎಲ್ಲಿ ಅದಕ್ಕೆ ಏನೋ ಹೊಂದುವುದಿಲ್ಲವೋ ಅಂಥದ್ದು ನಮ್ಮ ರಿಪೇರ್ ಕ್ಯೂಗೆ ಬಂದು ಬೀಳುತ್ತದೆ. ಖಾತೆ ಸಂಖ್ಯೆ ತಪ್ಪಿರಬಹುದು, ಬ್ಯಾಂಕಿನ ಕೋಡ್ ಇಲ್ಲದಿರಬಹುದು, ತಾರೀಖು ದಾಟಿರಬಹುದು. ಮೇಕರ್ ಅದನ್ನು ಸರಿಪಡಿಸುತ್ತಾನೆ, ಚೆಕರ್ ನೋಡಿ ಬಿಡುಗಡೆ ಮಾಡುತ್ತಾನೆ. ಒಂದೇ ಐಡಿಯಿಂದ ಎರಡೂ ಕೆಲಸ ಮಾಡಲು ಸಿಸ್ಟಂ ಬಿಡುವುದಿಲ್ಲ. ಇಷ್ಟಿದ್ದರೆ ನಾಲ್ಕು ಕಣ್ಣಿನ ನಿಯಮ ಪಾಲಿಸಿದಂತೆ ಎಂದು ನಾನೂ ಬಹಳ ದಿನ ನಂಬಿದ್ದೆ.

ಆ ನಂಬಿಕೆ ಹೋದದ್ದು ಒಂದು ರಾತ್ರಿ ಪಾಳಿಯ ಕೊನೆಯಲ್ಲಿ. ಬೆಳಿಗ್ಗೆ 6ಕ್ಕೆ ಪಾಳಿ ಬದಲು. 5:40ರ ಹೊತ್ತಿಗೆ ಕ್ಯೂನಲ್ಲಿ 38 ಐಟಂ ಉಳಿದಿದ್ದವು. ಅದರಲ್ಲಿ ಒಂದು ಒಬ್ಬ ಪೂರೈಕೆದಾರನಿಗೆ ಹೋಗಬೇಕಿದ್ದ ಯೂರೋ ಪೇಮೆಂಟ್. ಫಲಾನುಭವಿಯ ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ, ಸಿಸ್ಟಂನ ತಪಾಸಣೆಯಲ್ಲಿ ಫೇಲಾಗಿತ್ತು. ಗ್ರಾಹಕರು ಸಹಿ ಮಾಡಿ ಕಳಿಸಿದ ಮೂರು ಪುಟದ ಸ್ಕ್ಯಾನ್ ಅದಕ್ಕೆ ಲಗತ್ತಾಗಿತ್ತು. ಖಾತೆ ಸಂಖ್ಯೆಯ ಸಾಲು ಮಾತ್ರ ಮಸುಕು.

ಮೇಕರ್ ಹೊಸ ಹುಡುಗ. ಏನು ಮಾಡಬೇಕೆಂದು ತೋಚದೆ ಹಾಗೇ ನನಗೆ ಕಳಿಸಿಬಿಟ್ಟ. ನಾನು ಹಳೆಯ ಪೇಮೆಂಟ್‌ಗಳನ್ನು ಹುಡುಕಿದೆ. ಅದೇ ಗ್ರಾಹಕರು ಅದೇ ಹೆಸರಿಗೆ ಕೆಲವು ತಿಂಗಳ ಹಿಂದೆ ಅದೇ ಬ್ಯಾಂಕಿಗೆ ಹಣ ಕಳಿಸಿದ್ದು ಸಿಕ್ಕಿತು. ಐಟಂ ವಾಪಸ್ ಮಾಡಿ ನೋಟ್‌ನಲ್ಲಿ ಬರೆದೆ: ‘ಹಿಂದಿನ ಪೇಮೆಂಟ್‌ನ ಐಬ್ಯಾನ್ ಹಾಕಿ.’ ಜೊತೆಗೆ ಆ ಸಂಖ್ಯೆಯನ್ನೂ ಅಂಟಿಸಿದೆ. ಆತ ಹಾಕಿದ. ಈ ಸಲ ತಪಾಸಣೆ ಪಾಸಾಯಿತು. ನಾನು ಬಿಡುಗಡೆ ಒತ್ತಿದೆ.

ಹಣ ತಪ್ಪು ಖಾತೆಗೆ ಹೋಯಿತು. ಪೂರೈಕೆದಾರ ಆ ನಡುವೆ ಹಳೆಯ ಖಾತೆಯನ್ನು ಬೇರೆ ಘಟಕಕ್ಕೆ ಬಿಟ್ಟುಕೊಟ್ಟು ಹೊಸದನ್ನು ತೆರೆದಿದ್ದ. ಗ್ರಾಹಕರ ಪತ್ರದಲ್ಲಿ ಇದ್ದದ್ದು ಆ ಹೊಸ ಸಂಖ್ಯೆಯೇ. ನಾವು ಎದುರಿನ ಬ್ಯಾಂಕಿಗೆ `camt.056` ಸಂದೇಶ ಕಳಿಸಿ ಹಣ ವಾಪಸ್ ಕೇಳಿದೆವು. ಆದರೆ ಒಮ್ಮೆ ಖಾತೆಗೆ ಜಮೆಯಾದ ಮೇಲೆ ಎದುರಿನ ಬ್ಯಾಂಕ್ ತನ್ನ ಗ್ರಾಹಕನ ಒಪ್ಪಿಗೆ ಇಲ್ಲದೆ ಸುಮ್ಮನೆ ತೆಗೆದು ಕೊಡುವುದಿಲ್ಲ. ಹಣ ಮರಳಲು 11 ದಿನ ಹಿಡಿಯಿತು. ಅಷ್ಟು ದಿನದ ಬಡ್ಡಿಯನ್ನು ನಮ್ಮ ಕಡೆಯಿಂದಲೇ ತುಂಬಿಕೊಟ್ಟೆವು.

ವಿಚಾರಣೆಯಲ್ಲಿ ನನಗೆ ನಿಜಕ್ಕೂ ಮುಜುಗರ ತಂದದ್ದು ಲಾಗ್. ಅದರ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಮೇಕರ್ ಒಬ್ಬ, ಚೆಕರ್ ಇನ್ನೊಬ್ಬರು, ಎರಡು ಬೇರೆ ಐಡಿ. ಆದರೆ ಆ ಐಬ್ಯಾನ್ ಆರಿಸಿದ್ದು ಯಾರು? ನಾನು. ಅದನ್ನು ಪರೀಕ್ಷಿಸಿದ್ದು ಯಾರು? ಅದೂ ನಾನೇ. ಹುಡುಗ ನನ್ನ ಪರವಾಗಿ ಟೈಪ್ ಮಾಡಿದ್ದ ಅಷ್ಟೆ. ಲಾಗ್‌ನಲ್ಲಿ ಇನ್ನೂ ಒಂದು ಸಂಗತಿ ಇತ್ತು. ಎರಡನೇ ಸಲ ಐಟಂ ತೆರೆದು ಬಿಡುಗಡೆ ಮಾಡಲು ನಾನು ತೆಗೆದುಕೊಂಡದ್ದು 11 ಸೆಕೆಂಡ್. ಮೂರು ಪುಟದ ಸ್ಕ್ಯಾನ್ ತೆರೆದುಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಂದರೆ ನಾನು ಅದನ್ನು ತೆರೆದೇ ಇರಲಿಲ್ಲ. ನಾನೇ ಹೇಳಿದ ಸಂಖ್ಯೆ ಅಲ್ಲಿ ಕೂತಿದೆಯೇ ಎಂದು ನೋಡಿದ್ದೆ, ಕೂತಿತ್ತು.

ಆಮೇಲೆ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ನೋಡಿದೆ. ಅಂಕಿಗಳನ್ನು ಇಲ್ಲಿ ಬದಲಿಸಿದ್ದೇನೆ, ರೀತಿ ಅದೇ. ಕೊನೆಯ ಹತ್ತು ಅಂಕಿ ಹೀಗಿದ್ದವು:

```
ಕ್ಯೂಗೆ ಬಿದ್ದದ್ದು    5678904711
ನಾವು ಹಾಕಿದ್ದು      5612038846
ನಿಜವಾಗಿ ಇದ್ದದ್ದು   5678904111
```

ಪತ್ರದಲ್ಲಿದ್ದ ಒಂದು 1 ಅನ್ನು ನಮೂದಿಸಿದವರು 7 ಎಂದು ಓದಿದ್ದರು. ಐಬ್ಯಾನ್‌ನ ತಪಾಸಣೆ ಇಡೀ ಸಂಖ್ಯೆಯನ್ನು ಮರುಜೋಡಿಸಿ 97ರಿಂದ ಭಾಗಿಸುತ್ತದೆ, ಶೇಷ 1 ಬಂದರೆ ಮಾತ್ರ ಪಾಸು. ಒಂದೇ ಅಂಕಿ ತಪ್ಪಿದರೆ ಅದು ಖಂಡಿತ ಹಿಡಿಯುತ್ತದೆ, ಹಿಡಿದಿತ್ತು ಕೂಡ. ಆದರೆ ನಾವು ಹಾಕಿದ್ದರಲ್ಲಿ ಹತ್ತರಲ್ಲಿ ಎಂಟು ಅಂಕಿ ಬೇರೆ, ಐಬ್ಯಾನ್‌ನ ಆರಂಭದಲ್ಲಿ ದೇಶದ ಕೋಡ್ ಆದಮೇಲೆ ಬರುವ ಎರಡು ಚೆಕ್ ಡಿಜಿಟ್‌ಗಳೂ ಬೇರೆ. ಕಣ್ತಪ್ಪಿನಿಂದ ಎಂಟು ಅಂಕಿ ಬದಲಾಗುವುದಿಲ್ಲ. ನಾವು ಮಾಡಿದ್ದು ರಿಪೇರಿಯೇ ಅಲ್ಲ, ಒಂದು ಖಾತೆ ತೆಗೆದು ಇನ್ನೊಂದು ಖಾತೆ ಇಟ್ಟದ್ದು. ಅಂಥ ಬದಲಾವಣೆ ಮಾಡುವ ಹಕ್ಕು ಮೇಕರ್‌ಗೂ ಇಲ್ಲ, ಚೆಕರ್‌ಗೂ ಇಲ್ಲ. ಅದು ಹಣ ಕಳಿಸುವವರದು. ತಪಾಸಣೆ ಪಾಸಾಯಿತೆಂದರೆ ಸಂಖ್ಯೆ ನೆಟ್ಟಗಿದೆ ಎಂದಷ್ಟೇ ಅರ್ಥ. ಅದು ಯಾರ ಖಾತೆ ಎಂದು 97ಕ್ಕೆ ಏನು ಗೊತ್ತು?

ಈಗ ಖಾತೆಯ ಸಾಲು ತಿದ್ದಿದ ಯಾವ ಐಟಂ ಬಂದರೂ ಮೊದಲು ಹಳೆಯದು, ಹೊಸದು ಎರಡನ್ನೂ ಒಂದರ ಕೆಳಗೊಂದು ಇಟ್ಟು ಎಷ್ಟು ಅಂಕಿ ಬದಲಾಗಿವೆ ಎಂದು ಎಣಿಸುತ್ತೇನೆ. ಒಂದು ಅಂಕಿ, ಅಥವಾ ಪಕ್ಕಪಕ್ಕದ ಎರಡು ಅದಲುಬದಲು ಆಗಿದ್ದರೆ ಮೂಲ ಪತ್ರದಲ್ಲಿ ಹಾಗೇ ಕಾಣಬೇಕು. ಅದಕ್ಕಿಂತ ಹೆಚ್ಚಿದ್ದರೆ ಪತ್ರ ಎಷ್ಟು ಸ್ಪಷ್ಟವಿದ್ದರೂ ಗ್ರಾಹಕರ ದೃಢೀಕರಣ ಇಲ್ಲದೆ ಬಿಡುವುದಿಲ್ಲ. ಫೋನ್ ಮಾಡುವುದು ಬ್ಯಾಂಕಿನ ದಾಖಲೆಯಲ್ಲಿರುವ ನಂಬರ್‌ಗೆ. ಪತ್ರದ ಮೇಲೆ ಅಚ್ಚಾಗಿರುವ ನಂಬರ್‌ಗೆ ಅಲ್ಲ, ಏಕೆಂದರೆ ಪತ್ರವೇ ನಕಲಿಯಾಗಿದ್ದರೆ ಫೋನ್ ಎತ್ತುವವನೂ ಅದೇ ಕಡೆಯವನು.

ಕೆಲಸದ ಕ್ರಮವನ್ನೂ ತಿರುಗಿಸಿದೆ. ಮೊದಲೆಲ್ಲ ಮೇಕರ್‌ನ ಪರದೆ ತೆರೆದು, ಅಲ್ಲಿದ್ದದ್ದು ಪತ್ರದಲ್ಲಿ ಇದೆಯೇ ಎಂದು ಹುಡುಕುತ್ತಿದ್ದೆ. ಹಾಗೆ ಮಾಡಿದರೆ ಕಣ್ಣು ಇದ್ದದ್ದನ್ನೇ ಒಪ್ಪುತ್ತದೆ. ಮಸುಕಾದ 1 ಕೂಡ, 7 ಎಂದು ಓದಿದ ಮೇಲೆ, 7 ಆಗಿಯೇ ಕಾಣುತ್ತದೆ. ಈಗ ಮೊದಲು ಪತ್ರ. ಕರೆನ್ಸಿ ಮತ್ತು ಮೊತ್ತ, ಯಾವ ಖಾತೆಯಿಂದ, ಯಾವ ಖಾತೆಗೆ, ವ್ಯಾಲ್ಯೂ ಡೇಟ್, ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಮೇಕರ್‌ನ ಪರದೆ ತೆರೆಯುತ್ತೇನೆ. ಪಾಳಿ ಮುಗಿದ ಮೇಲೆ ಚೀಟಿ ಶ್ರೆಡರ್‌ಗೆ. ಕೆಲವು ಸಿಸ್ಟಂಗಳಲ್ಲಿ ಮೇಕರ್ ಹಾಕಿದ್ದನ್ನು ಮುಚ್ಚಿಟ್ಟು ಚೆಕರ್‌ನಿಂದ ಮೊತ್ತ, ಖಾತೆಗಳನ್ನು ಮತ್ತೆ ಟೈಪ್ ಮಾಡಿಸುವ ಸೌಲಭ್ಯ ಇರುತ್ತದೆ. ಇದ್ದರೆ ಬಿಡಬೇಡಿ. ಕಾಪಿ ಮಾಡಿ ಅಂಟಿಸುವುದನ್ನು ಆ ಪರದೆಯಲ್ಲಿ ತಡೆದಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡನೇ ವಾರದಿಂದ ಎಲ್ಲರೂ ಅಂಟಿಸುತ್ತಾರೆ.

ಮೊತ್ತದ ವಿಷಯದಲ್ಲಿ ಒಂದು ಮಾತು. ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಫ್ಟ್‌ನ ಹಳೆಯ ಎಂಟಿ ಸಂದೇಶ ಮಾದರಿಯಲ್ಲಿ ದಶಮಾಂಶಕ್ಕೆ ಚುಕ್ಕಿ ಇಲ್ಲ, ಅಲ್ಪವಿರಾಮ. ಕುವೈತ್ ದಿನಾರ್‌ಗೆ ದಶಮಾಂಶದ ನಂತರ ಮೂರು ಸ್ಥಾನ, ಜಪಾನಿನ ಯೆನ್‌ಗೆ ಒಂದೂ ಇಲ್ಲ. ಹಾಗಾಗಿ `KWD1250,500` ಎಂದರೆ 1,250 ದಿನಾರ್ ಮತ್ತು ಅದರ ಮೇಲೆ ಅರ್ಧ. ಅದನ್ನು ಹನ್ನೆರಡೂವರೆ ಲಕ್ಷ ಎಂದು ಓದಿದವರನ್ನು ಕಣ್ಣಾರೆ ಕಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ರಿಟರ್ನ್ ನೋಟ್ ಬರೆಯುವ ಅಭ್ಯಾಸ ಬದಲಿಸುವುದು. ಉತ್ತರ ಗೊತ್ತಿದ್ದೂ ಹೇಳದಿರುವುದು ಹಟ ಮಾಡಿದ ಹಾಗೆ ಕಾಣುತ್ತದೆ. ‘ಮೇಡಂ, ಏನು ಹಾಕಬೇಕು ಅಂತ ಹೇಳಿಬಿಡಿ, ಕಟಾಫ್‌ಗೆ ಹದಿನೈದೇ ನಿಮಿಷ ಇದೆ’ ಎಂದು ಯಾರಾದರೂ ಅಂದರೆ ಬಾಯಿ ತುದಿಗೆ ಬಂದೇ ಬರುತ್ತದೆ. ಈಗ ನೋಟ್‌ನಲ್ಲಿ ಏನು ಹೊಂದುತ್ತಿಲ್ಲ, ಯಾವುದಕ್ಕೆ ಹೊಂದುತ್ತಿಲ್ಲ ಎಂದಷ್ಟೇ ಬರೆಯುತ್ತೇನೆ. ‘ಫಲಾನುಭವಿಯ ಖಾತೆ ಮೂಲ ಪತ್ರಕ್ಕೆ ಹೊಂದುತ್ತಿಲ್ಲ’, ಮುಗಿಯಿತು. ಉತ್ತರ ನನ್ನ ಬಾಯಿಂದ ಹೊರಬಿದ್ದರೆ ಆ ಐಟಂಗೆ ನಾನೇ ಮೇಕರ್ ಆದಂತೆ. ಆಗ ಅದನ್ನು ನಾನು ಬಿಡುಗಡೆ ಮಾಡುವುದಿಲ್ಲ, ಪಾಳಿಯಲ್ಲಿರುವ ಇನ್ನೊಬ್ಬ ಚೆಕರ್‌ಗೆ ದಾಟಿಸುತ್ತೇನೆ. ಇನ್ನೊಬ್ಬರು ಇಲ್ಲದಿದ್ದರೆ ಐಟಂ ಮುಂದಿನ ಪಾಳಿಗೆ ಹೋಗುತ್ತದೆ. ಕಟಾಫ್ ತಪ್ಪಿದರೆ ಒಂದು ದಿನದ ಬಡ್ಡಿ, ಒಂದು ಕ್ಷಮಾಪಣೆ. ಅದರ ಲೆಕ್ಕ ಮೊದಲೇ ಗೊತ್ತಿರುತ್ತದೆ. ತಪ್ಪು ಖಾತೆಗೆ ಹೋದ ಹಣದ ಲೆಕ್ಕ ಹಾಗಲ್ಲ.

ಮುಂದಿನ ಪಾಳಿಗೆ ದಾಟಿಸುವುದರಲ್ಲೂ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ‘ಗ್ರಾಹಕರು ಫೋನ್‌ನಲ್ಲಿ ಕನ್ಫರ್ಮ್ ಮಾಡಿದ್ದಾರೆ’ ಎಂಬ ಒಂದು ಸಾಲು ಬಿಟ್ಟು ಹಿಂದಿನ ಪಾಳಿಯವರು ಮನೆಗೆ ಹೋಗಿರುತ್ತಾರೆ. ಯಾರು ಮಾಡಿದರು, ಯಾವ ನಂಬರ್‌ಗೆ, ಎಷ್ಟು ಹೊತ್ತಿಗೆ, ಏನನ್ನು ಓದಿ ಹೇಳಿದರು ಎಂಬುದು ಇಲ್ಲ. ಬಂದವರು ಅದನ್ನು ನಂಬಿದರೆ ಒಬ್ಬರ ಮಾತಿನ ಮೇಲೆ ಇನ್ನಿಬ್ಬರು ಒತ್ತಿದಂತೆ. ಅಂಥ ಐಟಂ ನನ್ನ ಪಾಳಿಗೆ ಬಂದರೆ ಫೋನ್ ಆಗಿಯೇ ಇಲ್ಲ ಎಂದುಕೊಂಡು ಮೊದಲಿಂದ ಶುರು ಮಾಡುತ್ತೇನೆ. ಶುರುವಿನಲ್ಲಿ ಇದಕ್ಕೆ ಬೈಸಿಕೊಂಡೆ. ಗ್ರಾಹಕರೂ ‘ರಾತ್ರಿಯೇ ಹೇಳಿದ್ದೆನಲ್ಲ’ ಎಂದು ಸಿಡುಕಿದ್ದುಂಟು.

ಇಷ್ಟೆಲ್ಲ ಮಾಡಿದರೂ ಹಿಡಿಯಲಾಗದ ಒಂದು ಬಗೆ ಇದೆ. ಪತ್ರವೇ ತಪ್ಪಿದ್ದರೆ ನಾಲ್ಕು ಕಣ್ಣೂ ಅದೇ ತಪ್ಪನ್ನು ನಿಷ್ಠೆಯಿಂದ ಓದುತ್ತವೆ. ಅದಕ್ಕೆ ಕಾಲ್‌ಬ್ಯಾಕ್, ಫಲಾನುಭವಿಯ ಹೆಸರು ಹೊಂದಿಸಿ ನೋಡುವ ವ್ಯವಸ್ಥೆ ಮುಂತಾದ ಬೇರೆ ಬೇಲಿಗಳೇ ಬೇಕು.

ಆ ಹುಡುಗ ಈಗ ಚೆಕರ್ ಆಗಿದ್ದಾನೆ. ಮೊನ್ನೆ ಒಂದು ಐಟಂಗೆ ನಾನೇ ಮೇಕರ್ ಆಗಬೇಕಾಯಿತು. ಕಳಿಸಿ ಎರಡು ನಿಮಿಷಕ್ಕೆ ವಾಪಸ್ ಬಂತು: ‘ವ್ಯಾಲ್ಯೂ ಡೇಟ್ ಮೂಲಕ್ಕೆ ಹೊಂದುತ್ತಿಲ್ಲ.’ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಮೇಜಿನ ಆಚೆಯಿಂದ ‘ಎಲ್ಲಪ್ಪಾ ಅದು?’ ಎಂದು ಕೇಳಿದೆ. ‘ನೀವೇ ನೋಡಿ ಮೇಡಂ’ ಎಂದ, ಪರದೆಯಿಂದ ಕಣ್ಣು ತೆಗೆಯಲಿಲ್ಲ. ಏಳು ನಿಮಿಷ ಹುಡುಕಿದೆ. ಎರಡನೇ ಪುಟದ ಕೆಳಗೆ, ಸಹಿಯ ಪಕ್ಕದಲ್ಲಿ, ಗ್ರಾಹಕರು ಪೆನ್ನಿನಲ್ಲಿ ತಾರೀಖು ತಿದ್ದಿ ಚಿಕ್ಕ ಸಹಿ ಹಾಕಿದ್ದರು.