ವೇದಿಕೆಯ ಮೇಲೆ ಕಾಯುವ ಹೊತ್ತು: ಸಭಾಕಂಪನವನ್ನು ನಾನು ನಿಭಾಯಿಸುವ ಬಗೆ

ಧಾರವಾಡ, ಗದಗ ಭಾಗದ ನಮ್ಮ ಸಭೆಗಳಲ್ಲಿ ಉಪನ್ಯಾಸಕರು ತಮ್ಮ ಸರದಿ ಬಂದಾಗ ನೇರವಾಗಿ ವೇದಿಕೆ ಏರಿ ಮಾತು ಆರಂಭಿಸುವುದು ಅಪರೂಪ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಗ್ರಂಥ ಗೌರವ ಇವೆಲ್ಲ ಮುಗಿಯುವವರೆಗೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಎಲ್ಲರ ಕಣ್ಣೆದುರಿಗೆ ಕುರ್ಚಿಯ ಮೇಲೆ ಕುಳಿತಿರಬೇಕಾಗುತ್ತದೆ. ಎದ್ದು ಓಡಾಡಿ ಕೈಕಾಲು ಸಡಿಲಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ಕಣ್ಣು ಮುಚ್ಚಿ ಕುಳಿತರೆ ಮಾತನಾಡುತ್ತಿರುವವರಿಗೆ ಅಗೌರವ ತೋರಿದಂತಾಗುತ್ತದೆ. ಗದಗ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಜೀವವಿಜ್ಞಾನ ಕಲಿಸುವ ನನಗೆ ಮಾತಿಗಿಂತ ಕಠಿಣವಾಗಿ ಕಂಡದ್ದು ಈ ಕಾಯುವಿಕೆಯೇ. ಆದ್ದರಿಂದ ಆ ಕುರ್ಚಿಯ ಮೇಲಿನ ಹೊತ್ತಿನಿಂದ ಮಾತಿನ ಮೊದಲ ಎರಡು ನಿಮಿಷಗಳವರೆಗೆ ನಾನು ಏನು ಮಾಡುತ್ತೇನೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಹೆಚ್ಚಿನವರಲ್ಲಿ ಎದೆಬಡಿತ ಮಾತು ಆರಂಭವಾಗುವ ಕ್ಷಣದ ಆಸುಪಾಸಿನಲ್ಲಿ ತುದಿಗೇರಿ, ಮುಂದಿನ ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿಯತೊಡಗುತ್ತದೆ. ಆ ಏರನ್ನು ದಾಟಿಸಿದರೆ ಉಳಿದ ಉಪನ್ಯಾಸವನ್ನು ವಿಷಯವೇ ನಡೆಸಿಕೊಂಡು ಹೋಗುತ್ತದೆ.

ಮೊದಲಿಗೆ ಮೈಯಲ್ಲಿ ಆಗುವುದೇನು ಎಂಬುದನ್ನು ಹೇಳಬೇಕು, ಏಕೆಂದರೆ ನನ್ನ ವಿಧಾನವೆಲ್ಲ ಅದರ ಮೇಲೆ ನಿಂತಿದೆ. ಎಲ್ಲರ ದೃಷ್ಟಿ ತನ್ನ ಮೇಲಿದೆ ಎಂಬ ಅರಿವಾದೊಡನೆ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯ ಜೋರಾಗಿ ಬಡಿದು ಸ್ನಾಯುಗಳಿಗೆ ಹೆಚ್ಚು ರಕ್ತ ಒದಗಿಸುತ್ತದೆ. ಚರ್ಮದ ರಕ್ತನಾಳಗಳು ಬಿಗಿಯುವುದರಿಂದ ಬೆರಳು ತಣ್ಣಗಾಗುತ್ತವೆ. ಜೀರ್ಣಾಂಗಗಳಿಗೆ ಹೋಗುವ ರಕ್ತ ಕಡಿಮೆಯಾಗುವುದರಿಂದ ಹೊಟ್ಟೆಯಲ್ಲಿ ಕಲಕಿದಂತಾಗುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಕೆಲಸಕ್ಕೆ ಸಜ್ಜಾದ ಸ್ನಾಯುಗಳಿಗೆ ಕುರ್ಚಿಯ ಮೇಲೆ ಕೆಲಸವಿಲ್ಲದ್ದರಿಂದ ಕೈ ಮತ್ತು ಮೊಣಕಾಲು ಸಣ್ಣಗೆ ನಡುಗುತ್ತವೆ. ಇವುಗಳಲ್ಲಿ ಒಂದೂ ರೋಗದ ಗುರುತಲ್ಲ. ನಮಗೆ ಬಹಳ ಸಂತೋಷವಾದಾಗಲೂ ಇವುಗಳಲ್ಲಿ ಹೆಚ್ಚಿನವು ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಆದ್ದರಿಂದಲೇ ‘ಶಾಂತವಾಗಿರು’ ಎಂದು ನನಗೆ ನಾನೇ ಹೇಳಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಎದೆ ಅಷ್ಟು ಜೋರಾಗಿ ಬಡಿಯುತ್ತಿರುವಾಗ ಮನಸ್ಸು ಆ ಮಾತನ್ನು ನಂಬುವುದಿಲ್ಲ, ನಂಬದಿದ್ದಾಗ ‘ಶಾಂತವಾಗಲು ಆಗುತ್ತಿಲ್ಲವಲ್ಲ’ ಎಂಬ ಇನ್ನೊಂದು ಚಿಂತೆ ಸೇರಿಕೊಳ್ಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಲಿಸನ್ ವುಡ್ ಬ್ರೂಕ್ಸ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾಷಣಕ್ಕೆ ಮುನ್ನ ಕೆಲವರಿಂದ ‘ನಾನು ಶಾಂತವಾಗಿದ್ದೇನೆ’ ಎಂದೂ ಇನ್ನು ಕೆಲವರಿಂದ ‘ನನಗೆ ಹುರುಪು ಬಂದಿದೆ’ ಎಂಬರ್ಥದ ಮಾತನ್ನೂ ಹೇಳಿಸಿದರು. ಎರಡನೆಯ ಗುಂಪಿನವರ ಭಾಷಣವೇ ಕೇಳಿದವರಿಗೆ ಹೆಚ್ಚು ಮನವೊಲಿಸುವಂತೆ, ಹೆಚ್ಚು ಧೈರ್ಯದ್ದಾಗಿ ಕಂಡಿತು. ಗಮನಿಸಬೇಕಾದ ಅಂಶವೆಂದರೆ, ಹುರುಪೆಂದು ಹೇಳಿಕೊಂಡ ಮಾತ್ರಕ್ಕೆ ಎದೆಬಡಿತ ಇಳಿಯುವುದಿಲ್ಲ. ಬಡಿತ ಹಾಗೆಯೇ ಇದ್ದು, ಅದನ್ನು ಮನಸ್ಸು ಓದಿಕೊಳ್ಳುವ ರೀತಿ ಬದಲಾಗುತ್ತದೆ. ನಾನು ಇದನ್ನು ನನ್ನ ಮನೆಮಾತಿನಲ್ಲಿಯೇ ಹೇಳಿಕೊಳ್ಳುತ್ತೇನೆ: ‘ಎದಿ ಬಡಿಯಾಕತ್ತೈತಿ, ಮೈ ತಯಾರಾಗಾಕತ್ತೈತಿ.’ ಗ್ರಾಂಥಿಕ ಕನ್ನಡದಲ್ಲಿ ಹೇಳಿಕೊಂಡಾಗ ಅದು ಬೇರೆಯವರ ಉಪದೇಶದಂತೆ ಕೇಳುತ್ತದೆ, ಹೀಗೆ ಹೇಳಿಕೊಂಡಾಗ ನನ್ನ ಮಾತೇ ಆಗುತ್ತದೆ. ಲಕ್ಷಣ ಕಾಣಿಸಿದ ಮೇಲೆ ಹುಡುಕಾಡದೆ, ಕುರ್ಚಿಯ ಮೇಲೆ ಕುಳಿತಾಕ್ಷಣವೇ ‘ಈಗ ಬೆರಳು ತಣ್ಣಗಾಗುತ್ತವೆ, ಆಮೇಲೆ ಬಾಯಿ ಒಣಗುತ್ತದೆ’ ಎಂದು ಮುಂಚಿತವಾಗಿ ನೆನೆದಿರುವುದು ಹೆಚ್ಚು ಉಪಯುಕ್ತ. ನಿರೀಕ್ಷಿಸಿದ್ದು ಬಂದಾಗ ಅದು ಗಾಬರಿ ಹುಟ್ಟಿಸುವುದಿಲ್ಲ.

ಇದರೊಂದಿಗೆ ನನಗೆ ಬಹಳ ನೆರವಾದ ಇನ್ನೊಂದು ತಿಳಿವಳಿಕೆಯಿದೆ. ನಮ್ಮ ನಡುಕ ನಮಗೆ ಅನುಭವಕ್ಕೆ ಬರುವಷ್ಟು ಸಭಿಕರಿಗೆ ಕಾಣುವುದಿಲ್ಲ. 2003ರಲ್ಲಿ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಈ ಸಂಗತಿಯನ್ನು ಭಾಷಣಕಾರರಿಗೆ ಮೊದಲೇ ತಿಳಿಸಿದಾಗ ಅವರ ಭಾಷಣವೇ ಉತ್ತಮಗೊಂಡಿತು. ನಾನು ಶಾಲೆಯ ಮಕ್ಕಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳದೆ, ಅವರ ಭಾಷಣವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸುತ್ತೇನೆ. ‘ಟೀಚರ್, ನನ್ನ ಕೈ ಬರೇ ಇಷ್ಟ ನಡಗಿತ್ತೇನ್ರಿ?’ ಎಂದು ಅವರೇ ಅಚ್ಚರಿಪಡುತ್ತಾರೆ.

ಇನ್ನು ಉಸಿರಾಟದ ವಿಷಯ. ‘ಜೋರಾಗಿ ಉಸಿರು ಎಳೆದುಕೋ’ ಎಂಬುದು ಎಲ್ಲರೂ ಕೊಡುವ ಸಲಹೆ, ಆದರೆ ಅದು ಅರ್ಧ ಸಲಹೆ. ಪ್ರತಿಭಾ ಕಾರಂಜಿಗೆ ಸಿದ್ಧಳಾಗಿದ್ದ ನಮ್ಮ ಒಬ್ಬ ವಿದ್ಯಾರ್ಥಿನಿ ಸರದಿಗಾಗಿ ಕಾಯುತ್ತ ಹಾಗೆ ಬೇಗಬೇಗ ದೊಡ್ಡ ಉಸಿರು ಎಳೆದುಕೊಂಡು, ತುಟಿ ಜುಮ್ಮೆನ್ನುತ್ತಿದೆ, ತಲೆ ತಿರುಗುತ್ತಿದೆ ಎಂದು ನನ್ನ ಕೈ ಹಿಡಿದುಕೊಂಡಳು. ಅದು ಹೆದರಿಕೆಯ ಲಕ್ಷಣವೆಂದು ಅವಳು ಭಾವಿಸಿದ್ದಳು. ನಿಜವಾಗಿ ಆದದ್ದೇನೆಂದರೆ, ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ; ತಲೆ ಹಗುರವಾಗುವುದು ಅದರ ಫಲ. ತುಟಿ, ಬೆರಳ ತುದಿಗಳು ಜುಮ್ಮೆನ್ನುವುದೂ ಇಂಗಾಲದ ಡೈಆಕ್ಸೈಡ್ ಹೀಗೆ ಕಡಿಮೆಯಾದದ್ದರಿಂದಲೇ. ಸುಮ್ಮನೆ ಮೂಗಿನಿಂದ ಸಣ್ಣಗೆ ಉಸಿರಾಡುವಂತೆ ಹೇಳಿ ಕೂರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಯಿತು. ಯಾರಿಗಾದರೂ ಹೀಗೆ ಜುಮ್ಮೆಂದರೆ ಉಸಿರು ಸಾಲುತ್ತಿಲ್ಲವೆಂದು ಇನ್ನಷ್ಟು ಎಳೆದುಕೊಳ್ಳಬಾರದು, ಉಸಿರು ಹೆಚ್ಚಾಗಿದೆಯೆಂದು ತಿಳಿಯಬೇಕು.

ನನಗೆ ಸರಿಯಾದ ದಾರಿ ತೋರಿದವರು ನಮ್ಮ ಓಣಿಯಲ್ಲಿಯೇ ಇರುವ, ಮಕ್ಕಳಿಗೆ ಹಿಂದುಸ್ತಾನಿ ಗಾಯನ ಹೇಳಿಕೊಡುವ ಹಿರಿಯರು. ‘ಅಕ್ಕಾರ, ನೀವು ಉಸಿರು ತುಂಬ್ಕೊಳ್ಳಾಕ ಗುದ್ದಾಡಾಕತ್ತೀರಿ. ಪೂರಾ ಬಿಡ್ರಿ ಮೊದಲ; ಒಳಗ ಬರೂದು ತಾನ ಬರತೈತಿ,’ ಎಂದರು ಅವರು. ಶರೀರಶಾಸ್ತ್ರವೂ ಇದನ್ನೇ ಹೇಳುತ್ತದೆ. ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಗೆ ಬರುವಾಗ ವೇಗಸ್ ನರದ ಹಿಡಿತ ಹೆಚ್ಚಿ ತುಸು ನಿಧಾನವಾಗುತ್ತದೆ. ಆದ್ದರಿಂದ ಬಿಡುವ ಹೊತ್ತು ಎಳೆದುಕೊಳ್ಳುವ ಹೊತ್ತಿಗಿಂತ ದೀರ್ಘವಾಗಿರಬೇಕು. ನಾನು ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಎಳೆದುಕೊಂಡು, ಮೂಗಿನಿಂದಲೇ ಆರು ಎಣಿಸುವಷ್ಟು ಹೊತ್ತು ಬಿಡುತ್ತೇನೆ. ಒಂದೊಂದು ಎಣಿಕೆಗೆ ಒಂದು ಸೆಕೆಂಡೆಂದರೆ ನಿಮಿಷಕ್ಕೆ ಆರು ಉಸಿರಾಟಗಳಾಗುತ್ತವೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತೇವೆ. ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾದರೆ ಸಾಕು. ಭುಜ ಏಳದೆ ಹೊಟ್ಟೆಯ ಭಾಗ ಮಾತ್ರ ಅಲುಗುತ್ತಿದ್ದರೆ ಸರಿಯಾಗಿ ನಡೆದಿದೆ ಎಂದರ್ಥ, ಮತ್ತು ಎದುರಿಗೆ ಕುಳಿತವರಿಗೆ ಅದು ಗೊತ್ತೂ ಆಗುವುದಿಲ್ಲ. ಆರು ಎಣಿಸುವುದರೊಳಗೆ ಉಸಿರು ಸಾಲದಂತಾದರೆ ಮೂರಕ್ಕೆ ನಾಲ್ಕು ಎಂದು ಇಳಿಸಿಕೊಳ್ಳಬೇಕು. ಸಭೆಯ ದಿನವೇ ಇದನ್ನು ಮೊದಲ ಸಲ ಮಾಡಲು ಹೊರಟರೆ ಎಣಿಕೆಯೇ ಒಂದು ಆತಂಕವಾಗುತ್ತದೆ. ನಾನು ಬಸ್ಸಿನಲ್ಲಿ, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ರೂಢಿ ಮಾಡಿಕೊಂಡೆ.

ಧಾರವಾಡದಲ್ಲಿ, 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕಪ್ಪತಗುಡ್ಡದ ಔಷಧೀಯ ಸಸ್ಯಗಳ ಬಗ್ಗೆ ದತ್ತಿ ಉಪನ್ಯಾಸ ಕೊಟ್ಟ ಸಂಜೆಯನ್ನು ಉದಾಹರಣೆಯಾಗಿ ಹೇಳುತ್ತೇನೆ. ಪ್ರಾರ್ಥನೆ ಮತ್ತು ಸ್ವಾಗತದ ಹೊತ್ತಿನಲ್ಲಿ ನಾನು ಉಸಿರಿನ ಗೊಡವೆಗೆ ಹೋಗಲಿಲ್ಲ. ಪಾದಗಳನ್ನು ನೆಲಕ್ಕೆ ಊರಿ ಕುಳಿತು, ಮಾತನಾಡುತ್ತಿದ್ದವರನ್ನು ಕೇಳಿದೆ. ಅಷ್ಟು ಬೇಗ ಆರಂಭಿಸಿದರೆ ಮುಕ್ಕಾಲು ಗಂಟೆ ತನ್ನ ಮೈಯನ್ನೇ ಕಾಯುತ್ತ ಕೂರಬೇಕಾಗುತ್ತದೆ, ಹಾಗೆ ಕಾದಷ್ಟೂ ಬಡಿತ ಹೆಚ್ಚು ಕೇಳಿಸುತ್ತದೆ. ಪ್ರಾಸ್ತಾವಿಕ ನುಡಿ ಮುಗಿಯುತ್ತ ಬಂದಾಗ ನಾಲ್ಕು–ಆರರ ಎಣಿಕೆ ಆರಂಭಿಸಿದೆ. ನಿರೂಪಕರು ನನ್ನ ಪರಿಚಯ ಓದತೊಡಗಿದಾಗ ಎದೆ ಒಮ್ಮೆಲೆ ಏರಿತು. ಇದು ಪ್ರತಿ ಸಲವೂ ಹೀಗೆಯೇ ಆಗುತ್ತದೆ, ಏಕೆಂದರೆ ಸಭೆಯ ಕಣ್ಣುಗಳೆಲ್ಲ ಓದುವವರಿಂದ ನಮ್ಮ ಕಡೆಗೆ ತಿರುಗುವುದು ಆ ಕ್ಷಣದಲ್ಲಿಯೇ. ಆಗ ನನ್ನ ‘ಮೈ ತಯಾರಾಗಾಕತ್ತೈತಿ’ ಎಂಬ ಮಾತನ್ನು ಹೇಳಿಕೊಂಡು, ಒಂದು ಗುಟುಕು ನೀರು ಕುಡಿದು, ಎದ್ದೆ. ಟಿಪ್ಪಣಿಗಳನ್ನು ತೆಳು ಹಾಳೆಯಲ್ಲಿ ಬರೆಯದೆ ಅಂಗೈ ಅಗಲದ ದಪ್ಪ ಕಾರ್ಡುಗಳಲ್ಲಿ ಬರೆದುಕೊಂಡಿದ್ದೆ; ಹಾಳೆ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ, ಮೈಕಿನ ಹತ್ತಿರ ಸದ್ದನ್ನೂ ಮಾಡುತ್ತದೆ.

ಮೈಕಿನ ಮುಂದೆ ನಿಂತ ಮೇಲೆ ಮಾತಿಗೆ ಮುಂಚೆ ಒಂದು ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟೆ. ಆಮೇಲೆ ಬರುವುದು ಸಂಬೋಧನೆ, ವೇಗದ ದೃಷ್ಟಿಯಿಂದ ಇಡೀ ಉಪನ್ಯಾಸದ ಅತಿ ಮುಖ್ಯ ಭಾಗ. ಅಧ್ಯಕ್ಷರು, ದತ್ತಿ ದಾನಿಗಳು, ಪದಾಧಿಕಾರಿಗಳು, ಸಭಿಕರು ಎಂಬ ಈ ಪಟ್ಟಿಯನ್ನು ಬಹಳ ಜನ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಅಡ್ರಿನಲಿನ್ ಏರಿದಾಗ ಕಾಲ ನಿಧಾನವಾಗಿ ಸರಿಯುತ್ತಿರುವಂತೆ ಭಾಸವಾಗುವುದರಿಂದ ಆ ಓಟ ಹೇಳುವವರಿಗೆ ಸಹಜವಾಗಿಯೇ ಕಾಣುತ್ತದೆ. ಆದರೆ ಪಟ್ಟಿಯ ಕೊನೆಗೆ ಉಸಿರು ಮುಗಿದು, ವಿಷಯದ ಮೊದಲ ವಾಕ್ಯ ಏದುಸಿರಿನಲ್ಲಿ ಹೊರಬೀಳುತ್ತದೆ, ಮುಂದಿನ ವಾಕ್ಯಗಳೂ ಅದೇ ವೇಗ ಹಿಡಿಯುತ್ತವೆ. ನಾನು ಒಂದು ಹೆಸರಿಗೆ ಒಂದು ಉಸಿರು ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಹೆಸರು ಹೇಳುವುದು, ಅವರ ಕಡೆಗೆ ತಿರುಗಿ ನೋಡುವುದು, ಬಾಯಿ ಮುಚ್ಚಿ ಮೂಗಿನಿಂದ ಉಸಿರು ತೆಗೆದುಕೊಳ್ಳುವುದು, ಬಳಿಕ ಮುಂದಿನ ಹೆಸರು. ಸಭಿಕರಿಗೆ ಇದು ಗೌರವದ ನಡೆಯಾಗಿ ಕಾಣುತ್ತದೆ, ನನಗೆ ಅರ್ಧ ನಿಮಿಷದ ಉಸಿರಾಟದ ಅಭ್ಯಾಸವಾಗುತ್ತದೆ.

ವಿಷಯದ ಮೊದಲ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿರುತ್ತೇನೆ, ಅಷ್ಟನ್ನೇ. ಆ ದಿನ ಅವು ಹೀಗಿದ್ದವು: ‘ಕಪ್ಪತಗುಡ್ಡ ಗದಗ ಜಿಲ್ಲೆಯಲ್ಲಿದೆ. 2019ರಲ್ಲಿ ಅದನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅಲ್ಲಿನ ಗಿಡಮೂಲಿಕೆಗಳನ್ನು ಹಳ್ಳಿಯ ಜನ ಇಂದಿಗೂ ಬಳಸುತ್ತಾರೆ. ಅವುಗಳಲ್ಲಿ ಮೂರನ್ನು ಮಾತ್ರ ಇಂದು ನೋಡೋಣ.’ ಒಂದೊಂದೂ ಒಂದೇ ಉಸಿರಿಗೆ ಆರಾಮಾಗಿ ಮುಗಿಯುವಷ್ಟು ಚಿಕ್ಕದು. ಉದ್ದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಅಲ್ಲಿಗೆ ತಲುಪುವಷ್ಟರಲ್ಲಿ ಉಸಿರು ತೀರಿ ದನಿ ಕುಸಿಯುತ್ತದೆ, ಕೇಳುವವರಿಗೆ ಅರ್ಥವೇ ತಪ್ಪಿಹೋಗುತ್ತದೆ. ಕಾರ್ಡಿನಲ್ಲಿ ಪ್ರತಿ ಪೂರ್ಣವಿರಾಮದ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿರುತ್ತೇನೆ. ಗೆರೆ ಕಂಡಲ್ಲಿ ಬಾಯಿ ಮುಚ್ಚಬೇಕು. ಮಾತು ಬೇಗವಾಗಿದೆ ಎಂಬುದನ್ನು ನಾನು ಗುರುತಿಸುವುದು ಎರಡು ಗುರುತುಗಳಿಂದ: ಬಾಯಿಯಿಂದ ಉಸಿರು ಎಳೆದುಕೊಳ್ಳುವ ಸದ್ದು ಮೈಕಿನಲ್ಲಿ ಕೇಳಿಸುವುದು ಮತ್ತು ವಾಕ್ಯಗಳು ‘ಮತ್ತೆ, ಮತ್ತೆ’ ಎಂದು ಕೊಂಡಿ ಹಾಕಿಕೊಳ್ಳುತ್ತ ಹೋಗುವುದು. ಆಗ ನಡೆಯುತ್ತಿರುವ ವಾಕ್ಯವನ್ನು ಮುಗಿಸಿ, ನೀರು ಕುಡಿದು, ಮುಂದಿನದನ್ನು ಬೇಕೆಂದೇ ತುಸು ತಗ್ಗಿದ ದನಿಯಲ್ಲಿ ಎತ್ತಿಕೊಳ್ಳುತ್ತೇನೆ.

ಇದಕ್ಕೆ ಮಿತಿಗಳಿವೆ. ಸಿದ್ಧತೆ ಇಲ್ಲದಾಗ ಹುಟ್ಟುವ ಹೆದರಿಕೆ ಉಸಿರಾಟದಿಂದ ಹೋಗುವುದಿಲ್ಲ, ಅದಕ್ಕೆ ಸಿದ್ಧತೆಯೇ ಬೇಕು. ವೇದಿಕೆಯ ಸಂದರ್ಭವಿಲ್ಲದಾಗಲೂ ಎದೆ ಹಾರುತ್ತಿದ್ದರೆ, ಎದೆನೋವು ಅಥವಾ ಎಚ್ಚರ ತಪ್ಪುವುದು ಇದ್ದರೆ, ವೈದ್ಯರಿಗೆ ತೋರಿಸಬೇಕು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು ಕೆಲವರು ಪರಿಚಿತರಿಂದ ಕೇಳಿ ಪಡೆಯುತ್ತಾರೆ. ಅಸ್ತಮಾ ಇರುವವರಿಗೆ ಅದು ಅಪಾಯಕಾರಿ, ವೈದ್ಯರ ಸಲಹೆಯಿಲ್ಲದೆ ಯಾರೂ ಅದನ್ನು ಮುಟ್ಟಬಾರದು. ಸಭೆಗೆ ಹೋಗುವುದನ್ನೇ ತಪ್ಪಿಸುತ್ತ, ಅದರಿಂದ ಓದು ಅಥವಾ ನೌಕರಿ ಕೆಡುವ ಮಟ್ಟ ತಲುಪಿದವರಿಗೆ ಮನೋವೈದ್ಯರ ನೆರವು ಬೇಕು. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಬಾಯಿಪಾಠದ ನಾಲ್ಕು ವಾಕ್ಯಗಳು ಮುಗಿದ ಮೇಲೆ ನಾನು ಎಣಿಸುವುದನ್ನು ಪೂರ್ತಿ ನಿಲ್ಲಿಸುತ್ತೇನೆ. ಅಲ್ಲಿಂದ ಮುಂದೆಯೂ ಉಸಿರಿನ ಮೇಲೆ ಗಮನವಿಟ್ಟರೆ ಮಾತು ಮತ್ತು ಎಣಿಕೆ ಒಂದಕ್ಕೊಂದು ತೊಡರುತ್ತವೆ. ಆಗ ಮೂರನೆಯ ಸಾಲಿನಲ್ಲಿ ಕುಳಿತ ಯಾರಾದರೊಬ್ಬರ ಮುಖ ನೋಡಿ, ಮೊದಲ ಗಿಡದ ಹೆಸರು ಹೇಳಿ, ಅದರ ಎಲೆಯ ಆಕಾರವನ್ನು ಅವರಿಗೆ ವಿವರಿಸತೊಡಗುತ್ತೇನೆ.