ಹತ್ತನೆಯ ಕೆಟ್ಟ ದಿನದ ಆಚೆಗೆ

2024ರ ಜೂನ್ 4ರಂದು, ಲೋಕಸಭಾ ಫಲಿತಾಂಶದ ದಿನ, ನಿಫ್ಟಿ ಸುಮಾರು ಶೇ. 6ರಷ್ಟು ಕುಸಿಯಿತು, ತಳದ ಹತ್ತಿರ ಗಾಬರಿಯಿಂದ ಹೊರಬಂದ ನನಗೆ ಏಳು ಲಕ್ಷ ನಷ್ಟವಾಗಿತ್ತು. ಬಂಡವಾಳ 40 ಲಕ್ಷ, ಶೇ. 5ರಷ್ಟು ಕೆಳಗಿನ ವಾರದ ಪುಟ್‌ಗಳನ್ನು 50 ಲಾಟ್ ಮಾರಿದ್ದೆ. ಒಂದು ವರ್ಷದ ದತ್ತಾಂಶದಿಂದ ಲೆಕ್ಕ ಹಾಕಿದ ಶೇ. 99ರ ವಿಎಆರ್, ಅಂದರೆ ನೂರರಲ್ಲಿ 99 ದಿನ ಒಂದು ದಿನದ ನಷ್ಟ ಮೀರದ ಮಟ್ಟ, ಹಿಂದಿನ ಸಂಜೆ ಎಪ್ಪತ್ತು ಸಾವಿರ ಎಂದಿತ್ತು.

ವಿಎಆರ್ ಸುಳ್ಳು ಹೇಳಿರಲಿಲ್ಲ. ಅದು ನಷ್ಟದ ಹೊಸ್ತಿಲನ್ನಷ್ಟೇ ಹೇಳುತ್ತದೆ, ಹೊಸ್ತಿಲಿನಾಚೆ ಬಾವಿಯಿದೆಯೋ ಮೆಟ್ಟಿಲಿದೆಯೋ ಎಂಬುದನ್ನಲ್ಲ. ದೂರದ ಪುಟ್ ಮಾರುವವನ ಬಾವಿ ಇರುವುದೇ ಅಲ್ಲಿ. ವಿಎಆರ್ ಅನ್ನು ಶೇ. 99.5ಕ್ಕೆ ಏರಿಸಿಯೂ ನೋಡಿದೆ. ಇನ್ನಷ್ಟು ಕೆಳಗಿನ ಸ್ಟ್ರೈಕ್‌ಗೆ ಸರಿದೊಡನೆ ಅಂಕಿ ಮತ್ತೆ ಸಾಧುವಾಯಿತು.

ಆಮೇಲೆ 2019ರಿಂದ 2022ರ ಕೊನೆಯವರೆಗಿನ ಸುಮಾರು 1,000 ದಿನಗಳನ್ನು ಸ್ಥಿರವಾಗಿ ಇಟ್ಟುಕೊಂಡು, ಪ್ರತಿದಿನದ ಏರಿಳಿತವನ್ನು ಇಂದಿನ ಪೊಸಿಷನ್ ಮೇಲೆ ಹೇರಿದೆ. ಹಾಗೆ ಬಂದ ದಿನವಾರು ಲಾಭ-ನಷ್ಟಗಳೇ pnl. ಹತ್ತನೆಯ ಕೆಟ್ಟ ದಿನದ ನಷ್ಟ ವಿಎಆರ್; ಅತಿ ಕೆಟ್ಟ 25 ದಿನಗಳ ಸರಾಸರಿ ನಷ್ಟ ಇಎಸ್, ಅಂದರೆ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್.

```python
s = np.sort(pnl)
var99 = -s[9]
es975 = -s[:25].mean()
```

ಮೊದಲು ಡೆಲ್ಟಾದಿಂದ ಮಾತ್ರ ನಷ್ಟ ಅಂದಾಜಿಸಿ ಒಂದು ತಿಂಗಳು ಹಾಳು ಮಾಡಿಕೊಂಡೆ. ಪ್ರತಿ ದಿನಕ್ಕೂ ಆಪ್ಷನ್ ಬೆಲೆಯನ್ನು ಪೂರ್ತಿ ಮರುಲೆಕ್ಕ ಮಾಡಿ, ವೊಲಟಿಲಿಟಿಯನ್ನೂ ಏರಿಸಬೇಕು. ಎಷ್ಟು ಏರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಪಾಲುದಾರನು ಎರಡೂ ಅಂಕಿಗಳು ಒಂದೇ ಕಥೆ ಹೇಳುತ್ತವೆಂದು ವಾದಿಸಿದ. ನಷ್ಟ ನಾರ್ಮಲ್ ಹಂಚಿಕೆಯಲ್ಲಿದ್ದರೆ ಅವನದು ಸರಿ: ಶೇ. 99ರ ವಿಎಆರ್ 2.33 ಸಿಗ್ಮಾ, ಶೇ. 97.5ರ ಇಎಸ್ 2.34 ಸಿಗ್ಮಾ. ಅವನ ಮುಂದೆ ಎರಡು ಪೊಸಿಷನ್ ಇಟ್ಟೆ, ಒಂದು ನಿಫ್ಟಿ ಫ್ಯೂಚರ್ಸ್, ಇನ್ನೊಂದು ನನ್ನ ಪುಟ್‌ಗಳು. ಎರಡರ ವಿಎಆರ್ ಕೂಡ 1.2 ಲಕ್ಷದ ಸುತ್ತ ಇತ್ತು. ಇಎಸ್ ಮಾತ್ರ ಫ್ಯೂಚರ್ಸ್‌ಗೆ ಸುಮಾರು 1.3 ಲಕ್ಷ ಇತ್ತು, ಪುಟ್‌ಗಳಿಗೆ 3 ಲಕ್ಷ ದಾಟಿತು. ಅವನು ಸುಮ್ಮನಾದ.

ನನಗೆ ಹೆಚ್ಚು ಬೆಲೆಬಾಳಿದ್ದು ಮುಂದಿನ ಪ್ರಯೋಗ. ಶೇ. 8ರಷ್ಟು ಕೆಳಗಿನ ಪುಟ್‌ಗಳನ್ನು ಖರೀದಿಸಿ ಸೇರಿಸಿದಾಗ ವಿಎಆರ್ ಹತ್ತು ಸಾವಿರದಷ್ಟು ಇಳಿಯಿತು, ಇಎಸ್ 2 ಲಕ್ಷಕ್ಕೆ ಬಂತು. ವಿಎಆರ್ ಅನ್ನೇ ನಂಬಿದ್ದಿದ್ದರೆ ಆ ರಕ್ಷಣೆಗೆ ಕೊಟ್ಟ ಪ್ರೀಮಿಯಂ ದಂಡವೆಂದೇ ಎಣಿಸುತ್ತಿದ್ದೆ.

ಇಎಸ್‌ಗೂ ಮಿತಿಯಿದೆ. ನಿಫ್ಟಿ ಶೇ. 13ರಷ್ಟು ಬಿದ್ದ 2020ರ ಮಾರ್ಚ್ 23, ಆ ಒಂದೇ ದಿನ, 25 ದಿನಗಳ ಮೊತ್ತದ ಮೂರನೆಯ ಒಂದು ಭಾಗ. ಅದನ್ನು ತೆಗೆದರೆ ಬರಿಯ ಪುಟ್‌ಗಳ ಇಎಸ್ 2.2 ಲಕ್ಷಕ್ಕೆ ಇಳಿಯುತ್ತದೆ. ಹಾಗಾಗಿ ಆ ದಿನ ಸೇರಿದ ಇಎಸ್, ಸೇರದ ಇಎಸ್ ಎರಡನ್ನೂ ಬರೆದಿಡುತ್ತೇನೆ. ಮಾದರಿ ಹಳಿ ತಪ್ಪಿದೆಯೇ ಎಂದು ತಿಳಿಯಲು, ಮಿತಿ ಮೀರಿದ ದಿನಗಳನ್ನು ಎಣಿಸಲು, ಈಗಲೂ ವಿಎಆರ್ ಬೇಕು.

ಇಎಸ್ ಒಂದು ಲಕ್ಷ ಮೀರಬಾರದೆಂದು ಗೆರೆ ಎಳೆದು ಪೊಸಿಷನ್ ಅರ್ಧಕ್ಕಿಳಿಸಿದೆ. 2025ರ ಏಪ್ರಿಲ್ 7ರಂದು ನಿಫ್ಟಿ ಸುಮಾರು ಶೇ. 5 ಕೆಳಗೆ ತೆರೆದು, ಶೇ. 3ಕ್ಕಿಂತ ಹೆಚ್ಚು ನಷ್ಟದಲ್ಲಿ ಮುಗಿಯಿತು. ದಿನದ ಕೊನೆಗೆ ನನ್ನ ನಷ್ಟ ಎಂಬತ್ತು ಸಾವಿರದ ಆಸುಪಾಸಿನಲ್ಲಿತ್ತು. ಈ ಸಲ ಯಾವುದನ್ನೂ ಗಾಬರಿಯಿಂದ ಮುಚ್ಚಲಿಲ್ಲ.